ಬ್ರೋಷರ್ ಪ್ರೂಫ್ ನೋಡುವವರೇ, "ಅಳತೆ ಎಲ್ಲಾ ಸರಿಯಿದೆ" ಅಂತ ಮೇಲ್ ಮಾತ್ರ ಕೊಡಬೇಡಿ

ಏಜೆನ್ಸಿಗಳಿಗೆ ಕನ್ನಡ ಪ್ರೂಫ್ ನೋಡಿಕೊಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೂ ಸಿಟ್ಟು ಇಳಿದಿಲ್ಲ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಬೆಂಗಳೂರಿನ ಒಂದು ಏಜೆನ್ಸಿ, ಅಪಾರ್ಟ್‌ಮೆಂಟ್ ಬ್ರೋಷರ್. ಮೊದಲ ಪ್ರೂಫ್ ಎಂದಿನಂತೆಯೇ ಇತ್ತು. ನುಡಿಯಿಂದ ಯೂನಿಕೋಡ್‌ಗೆ ಹಾಕುವಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಜಾಗಿಂಗ್ ಟ್ರ್ಯಾಕ್ ಹೋಗಿ "ಜಾಗಿಂಗ್ ಟ್ರಕ್" ಆಗಿತ್ತು. ಜಿಮ್ ಒಂದು ಪುಟದಲ್ಲಿ ಜಿಮ್ನೇಷಿಯಂ, ಇನ್ನೊಂದರಲ್ಲಿ ಜಿಮ್ನಾಶಿಯಮ್. ಇದೆಲ್ಲ ತಿದ್ದಿ ಮುಗಿಯಿತು. ಎಡವಟ್ಟು ಇದ್ದಿದ್ದು ಅಂಕಿಗಳಲ್ಲಿ.

2 ಬೆಡ್‌ರೂಮ್ ಮನೆಯ ಪ್ಲಾನ್ ಪುಟದಲ್ಲಿ "ಕಾರ್ಪೆಟ್ ಏರಿಯಾ 71.10 ಚದರ ಮೀಟರ್ (820 ಚದರ ಅಡಿ)" ಅಂತ ಇತ್ತು. ಒಂದು ಚದರ ಮೀಟರ್ ಅಂದರೆ 10.764 ಚದರ ಅಡಿ, ಗುಣಿಸಿದರೆ 765 ಬರುತ್ತದೆ, 820 ಅಲ್ಲ. ಆ 55 ಅಡಿ ಎಲ್ಲಿಂದ ಬಂತು ಅಂತ ಪ್ಲಾನ್ ನೋಡಿದೆ. ಬಾಲ್ಕನಿ 11 ಅಡಿ ಉದ್ದ, 5 ಅಡಿ ಅಗಲ. ಸರಿಯಾಗಿ 55! ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಗೋಡೆ ಸೇರುತ್ತದೆ, ಹೊರಗೋಡೆ ಸೇರುವುದಿಲ್ಲ, ಬಾಲ್ಕನಿಯಂತೂ ಸೇರುವುದೇ ಇಲ್ಲ. ಮೀಟರ್ ಲೆಕ್ಕ ಆರ್ಕಿಟೆಕ್ಟ್ ಕೊಟ್ಟಿದ್ದು, ಅಡಿ ಲೆಕ್ಕ ಸೇಲ್ಸ್‌ನವರು ಊದಿಸಿದ್ದು ಅನ್ನಿಸಿತು. ಅನುಮಾನ ಬೇಡ ಅಂತ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಿ ನೋಡಿದೆ. ಅಲ್ಲೂ ಬಿಲ್ಡರ್ ಸ್ವತಃ ತೋರಿಸಿದ್ದು 71.10.

ಇನ್ನೊಂದು. ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ "ಮಹಡಿಗೆ ಕೇವಲ 4 ಮನೆಗಳು". ಹಿಂದಿನ ಪುಟದಲ್ಲಿ "2 ಟವರ್, 14 ಮಹಡಿ, ಒಟ್ಟು 168 ಮನೆಗಳು". ಮಹಡಿಗೆ 4 ಅಂದರೆ 112 ಆಗಬೇಕು, 168 ಆಗಬೇಕಾದರೆ ಮಹಡಿಗೆ 6 ಮನೆ ಇರಲೇಬೇಕು. ಎರಡನ್ನೂ ಲೆಕ್ಕದ ಸಮೇತ ಮಾರ್ಜಿನ್‌ನಲ್ಲಿ ಬರೆದು, ರೇರಾ ಪುಟದ ಸ್ಕ್ರೀನ್‌ಶಾಟ್ ಹಾಕಿ ಕಳಿಸಿದೆ. "ಸೂಪರ್ ಸರ್, ತುಂಬಾ ಚೆನ್ನಾಗಿ ನೋಡಿದ್ದೀರಿ, ಕ್ಲೈಂಟ್‌ಗೆ ಹೇಳ್ತೀವಿ" ಅಂದರು. ಖುಷಿಯಾಯಿತು ಕಣ್ರೀ ನನಗೆ!

ಫೈನಲ್ ಪ್ರೂಫ್ ಬಂತು. ಅದನ್ನು ತೆರೆದಾಗ ಆದ ಅವಮಾನ ಹೇಗೆ ಹೇಳಲಿ. ಅವರು 820 ಅನ್ನು 765 ಮಾಡಿರಲಿಲ್ಲ. 71.10 ಇದ್ದಿದ್ದನ್ನು 76.20 ಮಾಡಿದ್ದರು! ಈಗ ಗುಣಿಸಿ ನೋಡಿ, 820 ಸರಿಯಾಗಿ ಬರುತ್ತದೆ. "ಮಹಡಿಗೆ ಕೇವಲ 4 ಮನೆ" ಹಾಗೇ ಇತ್ತು, 168 ಅನ್ನೋ ಸಾಲನ್ನೇ ತೆಗೆದಿದ್ದರು. ಅಂದರೆ ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ಅಂತ ನನ್ನ ಕೈಯಲ್ಲೇ ಪಟ್ಟಿ ಮಾಡಿಸಿ, ಅಷ್ಟನ್ನು ಮಾತ್ರ ಒರೆಸಿದ್ದಾರೆ. ನನ್ನದೇ ಲೆಕ್ಕ, ನನ್ನದೇ ಮಾರ್ಜಿನ್ ನೋಟ್. ಕಳ್ಳನಿಗೆ ಬೀಗ ರಿಪೇರಿ ಮಾಡಿಕೊಟ್ಟ ಹಾಗಾಯಿತು.

ಫೋನ್ ಮಾಡಿದೆ. "ಈಗ ಎರಡೂ ಮ್ಯಾಚ್ ಆಗ್ತಿದೆ ಅಲ್ವಾ ಸರ್, ಇನ್ನೇನು ಪ್ರಾಬ್ಲಂ?" ರೇರಾದಲ್ಲಿ ಬೇರೆ ಇದೆ ಅಂದೆ. "ಅದು ಕ್ಲೈಂಟ್ ತಲೆನೋವು, ನೀವು ಸ್ಪೆಲ್ಲಿಂಗ್ ನೋಡಿ ಸಾಕು." ಸರಿ, ಸ್ಪೆಲ್ಲಿಂಗ್ ಅಷ್ಟೇ ನನ್ನ ಕೆಲಸ ಅಂತಾದರೆ ಆಯಿತು ಅಂದುಕೊಂಡೆ. ಆಮೇಲೆ ಮೇಲ್ ಬಂತು ನೋಡಿ: "ಅಳತೆ, ಸೌಲಭ್ಯ, ವಿವರ ಎಲ್ಲ ಪರಿಶೀಲಿಸಲಾಗಿದೆ ಎಂದು ದೃಢೀಕರಿಸಿ ರಿಪ್ಲೈ ಮಾಡಿ, ನಂತರ ಪೇಮೆಂಟ್." ಅಂದರೆ ತಿದ್ದುವಾಗ ಸ್ಪೆಲ್ಲಿಂಗ್‌ನವನು, ಹೊಣೆ ಹೊರುವಾಗ ಅಳತೆಯವನು! ಜಾಹೀರಾತು ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ತುಂಬಿಕೊಡಬೇಕು ಅಂತ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಇದೆ. ಆ ದಿನ ಬಂದರೆ ಬಿಲ್ಡರ್ ಏಜೆನ್ಸಿ ಕಡೆ ಬೆರಳು ತೋರಿಸುತ್ತಾನೆ, ಏಜೆನ್ಸಿಗೆ ತೋರಿಸಲು ನನ್ನ ಮೇಲ್ ಬೇಕು.

ಕೊಡಲಿಲ್ಲ. "ಕನ್ನಡ ಕಾಗುಣಿತ ಮಾತ್ರ ನೋಡಿದ್ದೇನೆ, ಈ ಎರಡು ಅಂಕಿ ರೇರಾ ದಾಖಲೆಗೆ ಹೊಂದುವುದಿಲ್ಲ" ಅಂತ ಬರೆದು, ಮೊದಲ ಪ್ರೂಫ್ ಲಗತ್ತಿಸಿ ಕಳಿಸಿದೆ. ಉತ್ತರ: "ನಿಮ್ಮಂಥವರ ಜೊತೆ ಕೆಲಸ ಕಷ್ಟ ಸರ್." ದುಡ್ಡು ಇವತ್ತಿಗೂ ಬಂದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಅಂಕಿ ಹೊಂದದಿದ್ದರೆ "ಇವೆರಡು ಹೊಂದುತ್ತಿಲ್ಲ" ಅಂತ ಮಾತ್ರ ಬರೆಯಬೇಡಿ, "ರೇರಾದಲ್ಲಿ ಇರುವುದು ಇಷ್ಟು, ಇದನ್ನೇ ಹಾಕಿ" ಅಂತ ಮೇಲ್‌ನಲ್ಲೇ ಬರೆಯಿರಿ, ವಾಟ್ಸಾಪ್‌ನಲ್ಲಿ ಬೇಡ. ಮೊದಲ ಪ್ರೂಫ್ ಅಳಿಸಬೇಡಿ. ಅರ್ಧ ದುಡ್ಡು ಮೊದಲೇ ತಗೊಳ್ಳಿ. ಮನೆ ಕೊಳ್ಳುವವರು ಯಾರಾದರೂ ಓದುತ್ತಿದ್ದರೆ, ಬ್ರೋಷರ್‌ನಲ್ಲಿ ಮೀಟರ್ ಮತ್ತು ಅಡಿ ಹೊಂದುತ್ತಿದೆ ಅಂತ ಸುಮ್ನೆ ನಂಬಬೇಡಿ, ಅದನ್ನು ಹೊಂದಿಸಿಕೊಟ್ಟವರು ನನ್ನಂಥವರೇ ಇರಬಹುದು. ರೇರಾ ಪುಟ ತೆರೆದು ನೋಡಿ.