ಬ್ಯಾಕರಾ: ಪ್ಲೇಯರ್‌ಗೆ ಕಟ್ಟಬೇಕಾ, ಬ್ಯಾಂಕರ್‌ಗಾ?

ಕ್ಯಾಸಿನೊದ ಈ ಇಸ್ಪೀಟು ಆಟದಲ್ಲಿ ಪ್ಲೇಯರ್, ಬ್ಯಾಂಕರ್ ಅನ್ನುವುದು ನಾವು ಹಣ ಕಟ್ಟುವ ಎರಡು ಕೈಗಳ ಹೆಸರು ಅಷ್ಟೇ. ಎರಡೂ ಕಡೆ ಎರಡೆರಡು ಎಲೆ. ಮೊತ್ತದ ಕೊನೆಯ ಅಂಕಿಯಷ್ಟೇ ಲೆಕ್ಕ. ಈ ಎರಡು ಎಲೆಗಳಲ್ಲೇ ಯಾರ ಲೆಕ್ಕವಾದರೂ 8 ಅಥವಾ 9 ಆದರೆ ಆಟ ಅಲ್ಲಿಗೇ ಮುಗಿಯಿತು.

ಇಲ್ಲದಿದ್ದರೆ ಪ್ಲೇಯರ್ ಕಡೆಯದು ಸರಳ: 5 ಅಥವಾ ಕಡಿಮೆ ಇದ್ದರೆ ಮೂರನೇ ಎಲೆ, 6-7 ಇದ್ದರೆ ಇಲ್ಲ. ಎದುರಿನ ಕೈಯಲ್ಲಿ ಏನಿದೆ ಅಂತ ಅದು ನೋಡುವುದೇ ಇಲ್ಲ. ಬ್ಯಾಂಕರ್ ಹಾಗಲ್ಲ. ಪ್ಲೇಯರ್ ಮೂರನೇ ಎಲೆ ತೆಗೆದಿದ್ದರೆ, ಅದು ಯಾವ ಎಲೆ ಅನ್ನುವುದರ ಮೇಲೆ ಬ್ಯಾಂಕರ್‌ನ ನಿಯಮ ನಿಂತಿದೆ.

ಉದಾಹರಣೆಗೆ, ಪ್ಲೇಯರ್ 4, ಬ್ಯಾಂಕರ್ 3. ಪ್ಲೇಯರ್‌ಗೆ 8 ಬಂತು. ಮೊತ್ತ 12, ಅಂದರೆ 2. ಬ್ಯಾಂಕರ್ ಸುಮ್ನೆ ಕೂತು 3ರಲ್ಲೇ ಗೆಲ್ಲುತ್ತದೆ. ಆ 8ರ ಬದಲು 4 ಬಂದಿದ್ದರೆ ಪ್ಲೇಯರ್ 8 ಆಗುತ್ತಿತ್ತು, ಬ್ಯಾಂಕರ್ ಇನ್ನೊಂದು ಎಲೆ ತೆಗೆಯುತ್ತಿತ್ತು. ಕೊನೆಗೆ ಆಡುವವನ ಅನುಕೂಲ ಇದೇ ಅಲ್ವಾ!

ಹಾಗಾಗಿ ಎಂಟು ಕಟ್ಟುಗಳ ಆಟದಲ್ಲಿ ಬ್ಯಾಂಕರ್ ಸುಮಾರು 45.9%, ಪ್ಲೇಯರ್ 44.6% ಸಲ ಗೆಲ್ಲುತ್ತದೆ, ಉಳಿದದ್ದು ಟೈ. ಬ್ಯಾಂಕರ್ ಗೆಲುವಿನಲ್ಲಿ ಕ್ಯಾಸಿನೊ 5% ಕಮಿಷನ್ ಹಿಡಿಯುತ್ತದೆ, 100ಕ್ಕೆ 95 ಮಾತ್ರ ಕೈಗೆ. ಆದರೂ ಸರಾಸರಿಯಲ್ಲಿ 100 ರೂಪಾಯಿಗೆ ಬ್ಯಾಂಕರ್‌ನಲ್ಲಿ ಹೋಗುವುದು 1.06, ಪ್ಲೇಯರ್‌ನಲ್ಲಿ 1.24. ಎರಡರಲ್ಲಿ ನಾನಾದರೆ ಬ್ಯಾಂಕರ್ ಅನ್ನುತ್ತೇನೆ, ಅದೂ ನಷ್ಟವೇ. ಒಂದಕ್ಕೆ ಎಂಟು ಕೊಡುವ ಟೈನಲ್ಲಿ 14ಕ್ಕಿಂತ ಜಾಸ್ತಿ ಹೋಗುತ್ತದೆ, ಅದರ ಹತ್ತಿರ ಹೋಗಬೇಡಿ.