ಹೆಸರು ಬದಲಾವಣೆ ಅಫಿಡವಿಟ್ ಮಾಡಿಸುವವರೇ, ಸಹಿ ಹಾಕುವ ಮೊದಲು ಇದನ್ನು ಓದಿ

ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ನಾಚಿಕೆ ಆಗುತ್ತದೆ. ಪಿಯುಸಿ ಓದಿದವಳು, ಮನೆಯ ಅಡಿಕೆ ಲೆಕ್ಕವೆಲ್ಲ ನೋಡುವವಳು, ಓದದೆ ಸಹಿ ಹಾಕಿ ಬಂದೆ. ಆದರೂ ಬರೆಯುತ್ತಿದ್ದೇನೆ. ಅವತ್ತು ಅಫಿಡವಿಟ್ ಟೈಪ್ ಮಾಡಿಕೊಡುವ ಅಂಗಡಿ ಮುಂದೆ ನನ್ನ ಹಿಂದೆ ಇನ್ನೂ ಐದಾರು ಜನ ನಿಂತಿದ್ದರು.

ನಾನು ತೀರ್ಥಹಳ್ಳಿ ಕಡೆಯವಳು. ತವರಿನಲ್ಲಿ ನನ್ನ ಹೆಸರು ಮೀನಾಕ್ಷಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದೂ ಅದೇ. 2008ರಲ್ಲಿ ಮದುವೆಯಾದಾಗ ಗಂಡನ ಮನೆಯಲ್ಲಿ ವಸುಧಾ ಅಂತ ಹೆಸರಿಟ್ಟರು. ನಮ್ಮ ಕಡೆ ಕೆಲವು ಮನೆಗಳಲ್ಲಿ ಹೀಗೆ ಹೆಸರು ಬದಲಿಸುವ ಪದ್ಧತಿ ಇತ್ತು, ನಿಮಗೂ ಗೊತ್ತಿರಬಹುದು. ಆಮೇಲೆ ಮಾಡಿಸಿದ ರೇಷನ್ ಕಾರ್ಡ್, ವೋಟರ್ ಐಡಿ, ಆಧಾರ್ ಎಲ್ಲದರಲ್ಲೂ ವಸುಧಾ. ಇಷ್ಟು ವರ್ಷ ಏನೂ ತೊಂದರೆ ಆಗಲಿಲ್ಲ. ಈಗ ತಮ್ಮ ಮಸ್ಕತ್‌ನಲ್ಲಿದ್ದಾನೆ, ಅಮ್ಮನನ್ನು ಕರೆದುಕೊಂಡು ಬಾ ಅಂದ. ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಹೆಸರು ಬದಲಾವಣೆಯ ಅಫಿಡವಿಟ್ ಬೇಕು, ಎರಡು ದಿನಪತ್ರಿಕೆಯಲ್ಲಿ ಪ್ರಕಟಣೆ ಬೇಕು ಅಂದರು.

ಜುಲೈ 15, ಮಂಗಳವಾರ. ಜೋರು ಮಳೆ. ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಕೋರ್ಟ್ ಹತ್ತಿರ ಟೈಪಿಂಗ್ ಮಾಡಿಕೊಡುವ ಒಂದು ಅಂಗಡಿ. ಹೆಸರು ಹೇಳುವುದಿಲ್ಲ. ಕೇಳಿದೆ. "ಬನ್ನಿ ಅಕ್ಕ, ಅರ್ಧ ಗಂಟೆ ಕೆಲಸ. ಸ್ಟ್ಯಾಂಪು, ಟೈಪಿಂಗು, ವಕೀಲರು, ನೋಟರಿ ಎಲ್ಲ ಸೇರಿ ಸಾವಿರದ ಇನ್ನೂರು" ಅಂದರು. ಇ-ಸ್ಟ್ಯಾಂಪ್ ಕಾಗದ ನೂರು ರೂಪಾಯಿಯದ್ದು. ಉಳಿದದ್ದು ಯಾವುದಕ್ಕೆ ಅಂತ ನಾನು ಕೇಳಲಿಲ್ಲ. ಮಳೆಯಲ್ಲಿ ನೆಂದಿದ್ದೆ, ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು.

ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಹಳೇ ಹೆಸರೇನು, ಹೊಸ ಹೆಸರೇನು. ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಅಂತ ಕೇಳಲೇ ಇಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಒಂದು ಫೈಲ್ ತೆಗೆದರು, ಹೆಸರು ಬದಲಿಸಿದರು, ಪ್ರಿಂಟ್ ಹೊಡೆದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಓದಲು ಶುರು ಮಾಡಿದೆ. "ಅಕ್ಕ, ಅದೆಲ್ಲ ಫಾರ್ಮ್ಯಾಟ್. ಎಲ್ಲರಿಗೂ ಅದೇ. ಇಲ್ಲಿ ಒಂದು ಸಹಿ, ಕೆಳಗೆ ಒಂದು ಸಹಿ" ಅಂದರು. ಹಾಕಿದೆ. ನೋಟರಿ ಎಲ್ಲಿದ್ದಾರೆ ಅಂದೆ. "ನೀವು ಕೂತಿರಿ, ನಾನೇ ಒಳಗೆ ಹೋಗಿ ಸೀಲ್ ಹಾಕಿಸಿಕೊಂಡು ಬರುತ್ತೇನೆ." ಹತ್ತು ನಿಮಿಷದಲ್ಲಿ ಬಂದರು. ದುಂಡಗಿನ ಸೀಲು, ಹಸಿರು ಇಂಕಿನ ಸಹಿ. ನೋಡಲು ಚೆಂದವಾಗಿಯೇ ಇತ್ತು.

ಅದನ್ನೇ ಕೊಟ್ಟು ಎರಡು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದೆ. ಅದಕ್ಕೆ ಮೂರು ಸಾವಿರದ ಮೇಲೆ ಹೋಯಿತು. ಅಪಾಯಿಂಟ್‌ಮೆಂಟ್ ದಿನ ಎಲ್ಲ ಜೋಡಿಸಿಕೊಂಡು ಹೋದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಅಫಿಡವಿಟ್ ಓದಿದರು. ಇನ್ನೊಮ್ಮೆ ಓದಿದರು. "ಮೇಡಂ, ಇದು ಹೆಸರು ಬದಲಾವಣೆಯದ್ದಲ್ಲ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಇದು" ಅಂದರು. ನನಗೆ ಅರ್ಥವಾಗಲಿಲ್ಲ. ಎರಡೂ ನಾನೇ ಅಲ್ವಾ ಅಂದೆ. ಅವರು ಕಾಗದ ನನ್ನ ಕಡೆ ತಿರುಗಿಸಿದರು. ಇ-ಸ್ಟ್ಯಾಂಪಿನ ದಿನಾಂಕದ ಮೇಲೆ ಬೆರಳಿಟ್ಟರು. 15 ಜುಲೈ, ಬೆಳಗ್ಗೆ 11.20. ಆಮೇಲೆ ಕೆಳಗೆ ನೋಟರಿ ಸಹಿಯ ಪಕ್ಕದ ದಿನಾಂಕ ತೋರಿಸಿದರು. 14 ಜುಲೈ.

"ಸ್ಟ್ಯಾಂಪ್ ಕಾಗದ ಹುಟ್ಟುವ ಮುಂಚಿನ ದಿನವೇ ಅದರ ಮೇಲೆ ಪ್ರಮಾಣ ಮಾಡಿದ್ದೀರಾ? ನೀವು ನೋಟರಿ ಎದುರಿಗೆ ಹೋಗಿದ್ದಿರಾ ಮೇಡಂ?"

ಇಲ್ಲ ಅಂದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅವರು ಗದರಲಿಲ್ಲ, ನಿಧಾನವಾಗಿಯೇ ಹೇಳಿದರು. ಅದೇ ಇನ್ನೂ ಜಾಸ್ತಿ ಚುಚ್ಚಿತು. 14ನೇ ತಾರೀಖು ನಾನು ಶಿವಮೊಗ್ಗದಲ್ಲೇ ಇರಲಿಲ್ಲ, ಮನೆಯಲ್ಲಿ ತೋಟದ ಕೆಲಸಕ್ಕೆ ಬಂದವರಿಗೆ ಊಟಕ್ಕೆ ಬಡಿಸುತ್ತಿದ್ದೆ. ಆ ಕಾಗದದಲ್ಲಿ ಮಾತ್ರ ಅವತ್ತು ನಾನು ನೋಟರಿ ಮುಂದೆ ನಿಂತು ಪ್ರಮಾಣ ಮಾಡಿದ್ದೇನೆ!

ಅಲ್ಲಿಂದ ನೇರ ಆ ಅಂಗಡಿಗೆ ಹೋದೆ. "ಅಯ್ಯೋ ಅಕ್ಕ, ಡೇಟ್ ಸೀಲು ತಿರುಗಿಸಿರಲಿಲ್ಲ ಅಷ್ಟೇ. ಪೆನ್ನಿನಲ್ಲಿ ತಿದ್ದಿ ಕೊಡುತ್ತೇನೆ ಕೊಡಿ." ತಿದ್ದುವುದಂತೆ! ಸರಿ, ಒಳಗೆ ಬರೆದಿರುವುದು? "ನೀವೇ ಓದಿ ಸಹಿ ಮಾಡಿದ್ದಲ್ವಾ?" ಓದಲು ಬಿಡದವರು ನೀವು ಅಂದೆ. "ದಿನಾ ಇಪ್ಪತ್ತು ಮಾಡುತ್ತೇವೆ, ಯಾರೂ ವಾಪಸ್ ಬಂದಿಲ್ಲ. ಆಫೀಸಿನವರು ಸುಮ್ನೆ ತೊಂದರೆ ಕೊಡುತ್ತಾರೆ, ಇನ್ನೊಂದು ಕೌಂಟರಿನಲ್ಲಿ ಕೊಟ್ಟು ನೋಡಿ." ದುಡ್ಡು ವಾಪಸ್ ಕೇಳಿದೆ. "ಸ್ಟ್ಯಾಂಪ್ ಖರ್ಚಾಗಿದೆ, ನೋಟರಿ ಫೀಸು ಹೋಗಿದೆ, ನನಗೇನು ಉಳಿದಿದೆ ಅಕ್ಕ?" ಅರ್ಧ ಗಂಟೆ ನಿಂತ ಮೇಲೆ ಮುನ್ನೂರು ರೂಪಾಯಿ ಮೇಜಿನ ಮೇಲೆ ಇಟ್ಟರು. ಭಿಕ್ಷೆ ಹಾಕುವ ಹಾಗೆ. ಅವರು ಅಕ್ಕ ಅಕ್ಕ ಅಂದದ್ದು ಈಗಲೂ ಕಿವಿಯಲ್ಲಿದೆ, ಕೇಳಿದರೆ ಮೈ ಉರಿಯುತ್ತದೆ.

ಊರಿಗೆ ಬಂದು ನಮ್ಮ ಪರಿಚಯದ ವಕೀಲರಿಗೆ ತೋರಿಸಿದೆ. ಅವರು ಓದಿ ತಲೆ ಮೇಲೆ ಕೈ ಇಟ್ಟುಕೊಂಡರು. "ಏನು ಮಾರಾಯ್ತಿ, ಇದರಲ್ಲಿ ಏನಿದೆ ಗೊತ್ತಾ?" ಅಂತ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಮೂರನೇ ಪ್ಯಾರಾದಲ್ಲಿ, ಹುಟ್ಟಿನಿಂದಲೂ ನನ್ನನ್ನು ಮೀನಾಕ್ಷಿ ಎಂದೂ ವಸುಧಾ ಎಂದೂ ಕರೆಯುತ್ತಿದ್ದರು ಅಂತ ಇತ್ತು. ಅದು ಸುಳ್ಳು. ವಸುಧಾ ಅನ್ನುವ ಹೆಸರು ನನಗೆ ಬಂದದ್ದೇ 2008ರಲ್ಲಿ. ಎರಡೂ ಒಬ್ಬರೇ ಅನ್ನುವ ಅಫಿಡವಿಟ್ ಒಂದು ದಾಖಲೆಯಲ್ಲಿ ಮೀನಾಕ್ಷಿ, ಇನ್ನೊಂದರಲ್ಲಿ ಮಿನಾಕ್ಷಿ, ಇಲ್ಲಾ ಇನಿಷಿಯಲ್ ಹೆಚ್ಚುಕಡಿಮೆ ಆಗಿದ್ದರೆ ಮಾಡಿಸುವಂಥದ್ದು. ಒಂದು ಹೆಸರು ಬಿಟ್ಟು ಬೇರೆಯೇ ಹೆಸರು ತೆಗೆದುಕೊಂಡವರಿಗೆ ಅದು ಸರಿಹೊಂದುವುದಿಲ್ಲ.

ಕೊನೆಯ ಸತ್ಯಾಪನೆ ಇನ್ನೂ ಕೆಟ್ಟದಾಗಿತ್ತು. "1ರಿಂದ 7ರವರೆಗಿನ ಪ್ಯಾರಾಗಳು ನನ್ನ ತಿಳುವಳಿಕೆಯಂತೆ ಸತ್ಯ" ಅಂತ ಬರೆದಿದ್ದಾರೆ. ಇದ್ದದ್ದು ಐದೇ ಪ್ಯಾರಾ! ಯಾರದೋ ಅಫಿಡವಿಟ್ಟಿನ ಬಾಲ ನನ್ನದಕ್ಕೆ ಅಂಟಿಸಿದ್ದಾರೆ. ಅಫಿಡವಿಟ್ ಅಂದರೆ ಬರೀ ಅರ್ಜಿ ಅಲ್ಲ, ಪ್ರಮಾಣ ಮಾಡಿ ಹೇಳುವ ಮಾತು, ಸುಳ್ಳಾದರೆ ಕೇಸು ಬೀಳುವುದು ಸಹಿ ಹಾಕಿದವರ ಮೇಲೆ, ಟೈಪ್ ಮಾಡಿದವರ ಮೇಲಲ್ಲ ಅಂತ ವಕೀಲರು ಹೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೆನ್ನಿನಲ್ಲಿ ತಿದ್ದುವ ಮಾತಂತೂ ನಂಬಲೇಬೇಡಿ. ತಿದ್ದುವುದಿದ್ದರೆ ಪ್ರಮಾಣ ಮಾಡುವ ಮೊದಲೇ ತಿದ್ದಬೇಕು, ತಿದ್ದಿದ ಕಡೆಯಲ್ಲಿ ನಾವೂ ನೋಟರಿಯೂ ಚಿಕ್ಕ ಸಹಿ ಹಾಕಬೇಕು. ಮುಗಿದ ಮೇಲೆ ತಪ್ಪು ಕಂಡರೆ ಹೊಸ ಸ್ಟ್ಯಾಂಪ್, ಹೊಸ ಅಫಿಡವಿಟ್. ಹಳೆಯ ಅಫಿಡವಿಟ್ಟಿನ ತಾರೀಖು ಹಾಕಿ ಪ್ರಕಟಣೆ ಬಂದಿದ್ದರಿಂದ ಆ ಮೂರು ಸಾವಿರವೂ ನೀರಿಗೆ ಹೋಯಿತು.

ಎರಡನೇ ಸಲ ತೀರ್ಥಹಳ್ಳಿಯಲ್ಲೇ ಮಾಡಿಸಿದೆ. ಇಲ್ಲೇ ಕೋರ್ಟ್ ಇದೆ, ನೋಟರಿಗಳಿದ್ದಾರೆ, ನಾನು ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ. ಈ ಸಲ ಐದು ಪ್ಯಾರಾ ಹೇಗಿತ್ತು ಅಂದರೆ, ಮೊದಲನೆಯದರಲ್ಲಿ ನಾನು ಯಾರು, ವಯಸ್ಸು, ಯಾರ ಹೆಂಡತಿ, ವಿಳಾಸ. ಎರಡನೆಯದರಲ್ಲಿ ಹುಟ್ಟಿದ ದಿನ, ಅಪ್ಪಯ್ಯನ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು ಮೀನಾಕ್ಷಿ ಎಂದಿದೆ ಅನ್ನುವುದು. ಮೂರನೆಯದರಲ್ಲಿ 2008ರಲ್ಲಿ ಮದುವೆಯಾಗಿ ವಸುಧಾ ಎಂಬ ಹೆಸರು ಬಂತು, ಆಮೇಲಿನ ದಾಖಲೆಗಳೆಲ್ಲ ಆ ಹೆಸರಿನಲ್ಲಿವೆ ಅಂತ. ನಾಲ್ಕನೆಯದೇ ಜೀವ. ಅದನ್ನು ಕನ್ನಡದಲ್ಲಿ ಬರೆಯುತ್ತೇನೆ: "ನಾನು ಮೀನಾಕ್ಷಿ ಎಂಬ ನನ್ನ ಹಿಂದಿನ ಹೆಸರನ್ನು ಬಿಟ್ಟು ವಸುಧಾ ಎಂಬ ಹೆಸರನ್ನು ಇಟ್ಟುಕೊಂಡಿದ್ದೇನೆ. ಇನ್ನು ಮುಂದೆ ಎಲ್ಲ ದಾಖಲೆ ಮತ್ತು ವ್ಯವಹಾರಗಳಲ್ಲಿ ನನ್ನನ್ನು ಇದೇ ಹೆಸರಿನಿಂದ ಗುರುತಿಸತಕ್ಕದ್ದು." ಈ 'ಬಿಟ್ಟು' ಅನ್ನುವ ಮಾತು ನನ್ನ ಮೊದಲನೇ ಅಫಿಡವಿಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಐದನೆಯದು, ಸಾಲ ಅಥವಾ ಕೇಸಿನಿಂದ ತಪ್ಪಿಸಿಕೊಳ್ಳಲು ಹೆಸರು ಬದಲಿಸಿಲ್ಲ, ಪಾಸ್‌ಪೋರ್ಟಿಗಾಗಿ ಇದನ್ನು ಕೊಡುತ್ತಿದ್ದೇನೆ ಅಂತ.

ಸತ್ಯಾಪನೆಯಲ್ಲೂ ವಕೀಲರು ಒಂದು ವ್ಯತ್ಯಾಸ ಮಾಡಿದರು. 1, 3, 4, 5 ನನಗೆ ಸ್ವತಃ ಗೊತ್ತಿರುವುದು, ಎರಡನೆಯದು ದಾಖಲೆಗಳಿಂದ ತಿಳಿದದ್ದು ಅಂತ ಬೇರೆ ಬೇರೆ ಬರೆಸಿದರು. ಹುಟ್ಟಿದ ದಿನ ನಾನೇ ಕಂಡದ್ದಲ್ಲವಲ್ಲ. ಏನನ್ನೂ ಮುಚ್ಚಿಟ್ಟಿಲ್ಲ ಅನ್ನುವ ಸಾಲು, ಊರು, ತಾರೀಖು. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಅಂತಲೂ ಸೇರಿಸಿದರು. ಮೊದಲು ನಿಜವಾಗಿಯೂ ಓದಿ ಹೇಳಿದರು, ಆಮೇಲೆ ಬರೆಸಿದರು. ಹಳೇ ಹೆಸರಿನಲ್ಲೂ ಹೊಸ ಹೆಸರಿನಲ್ಲೂ ಸಹಿ ಮಾಡಿಸಿದರು.

ನೋಟರಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆಧಾರ್ ನೋಡಿದರು. ಬರೆದಿರುವುದು ನಿಜವಾ ಅಂತ ಬಾಯಿಬಿಟ್ಟು ಕೇಳಿದರು. ನಾನು ಹೌದು ಅಂದ ಮೇಲೆ ಅವರ ಮುಂದೆಯೇ ಸಹಿ. ನನ್ನನ್ನು ಗುರುತಿಸಿದವರು ಅಂತ ವಕೀಲರ ಸಹಿ. ಆಮೇಲೆ ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು ಅಲ್ಲೂ ಸಹಿ ಹಾಕಿಸಿದರು, ಅದರ ಕ್ರಮಸಂಖ್ಯೆಯನ್ನು ಅಫಿಡವಿಟ್ ಮೇಲೆ ಬರೆದರು. ಸೀಲಿನಲ್ಲಿ ಅವರ ಹೆಸರು, ನೋಂದಣಿ ಸಂಖ್ಯೆ, ಯಾವ ಪ್ರದೇಶದ ನೋಟರಿ ಅನ್ನುವುದು ಓದುವ ಹಾಗೆ ಬಿದ್ದಿತ್ತು. ಮೊದಲನೆಯದರಲ್ಲಿ ಆ ಕ್ರಮಸಂಖ್ಯೆಯ ಜಾಗ ಖಾಲಿ. ಖಾಲಿ! ನಾನು ಅದನ್ನು ನೋಡಿಯೇ ಇರಲಿಲ್ಲ.

ನೀವು ಮಾಡಿಸುವುದಿದ್ದರೆ ಹೆಸರು ಯಾವಾಗ, ಯಾಕೆ ಬದಲಾಯಿತು ಅಂತ ಕೇಳದವರ ಹತ್ತಿರ ಟೈಪ್ ಮಾಡಿಸಬೇಡಿ. ಸೀಲ್ ನಾನೇ ಹಾಕಿಸಿಕೊಂಡು ಬರುತ್ತೇನೆ ಅಂದರೆ ಕಾಗದ ಕಿತ್ತುಕೊಂಡು ಎದ್ದು ಬನ್ನಿ. ಇ-ಸ್ಟ್ಯಾಂಪಿನ ತಾರೀಖು, ನೋಟರಿ ಹಾಕಿದ ತಾರೀಖು ಎರಡನ್ನೂ ಅಲ್ಲೇ ನಿಂತು ನೋಡಿ. ಪತ್ರಿಕೆಗೆ ದುಡ್ಡು ಕಟ್ಟುವುದು ಆಮೇಲೆ.

ಹೊಸ ಪ್ರಕಟಣೆ ಮೊನ್ನೆ ಬಂತು, ಮತ್ತೆ ಮೂರು ಸಾವಿರ ಕೊಟ್ಟೆ. ಅಪಾಯಿಂಟ್‌ಮೆಂಟ್ ಇನ್ನೊಮ್ಮೆ ತೆಗೆದುಕೊಂಡಿದ್ದೇನೆ. ಅಮ್ಮ ದಿನಾ ಫೋನ್ ಮಾಡಿ ಏನಾಯಿತು ಅಂತ ಕೇಳುತ್ತಾಳೆ. ಕಾಗದದಲ್ಲಿ ಸ್ವಲ್ಪ ತಪ್ಪಿತ್ತು ಅಂತಷ್ಟೇ ಹೇಳಿದ್ದೇನೆ.