ಸಂಪಿನಲ್ಲಿ ನೀರಿದ್ದರೂ ಮೋಟಾರ್ ಡ್ರೈ ರನ್ ಆಯಿತು: ವಾಟರ್ ಲೆವೆಲ್ ಕಂಟ್ರೋಲರ್ ಜೊತೆ ಮೂರು ವರ್ಷ

ಹಾಸನದ ನಮ್ಮ ಮನೆಗೆ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿ ಮೂರು ವರ್ಷವಾಯಿತು. ನೆಲದಲ್ಲಿ ಸಂಪು, ಅದರ ಪಕ್ಕದಲ್ಲಿ 1 ಎಚ್‌ಪಿ ಮೋಟಾರ್, ಮೇಲೆ 1000 ಲೀಟರ್ ಟ್ಯಾಂಕ್.

ಮೊದಲು ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿಸಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆಗಾಲ ಶುರುವಾದ ಮೇಲೆ ಮುಚ್ಚಳದ ಒಳಗೆ ಬೆವರಿ, ಸೆನ್ಸರ್ ಮುಖದ ಮೇಲೆ ಹನಿ ಕೂರುತ್ತಿತ್ತು. ಅರ್ಧ ಟ್ಯಾಂಕ್ ಇದ್ದರೂ ಫುಲ್ ಅಂತ ತೋರಿಸುತ್ತಿತ್ತು. ಅದನ್ನು ತೆಗೆಸಿ ಟ್ಯಾಂಕಿಗೊಂದು, ಸಂಪಿಗೊಂದು ಫ್ಲೋಟ್ ಸ್ವಿಚ್ ಹಾಕಿಸಿದೆ. ಅವು ಇವತ್ತಿಗೂ ಸರಿಯಾಗಿವೆ.

ಸಂಪಿನಲ್ಲಿ ನೀರು ಇಳಿದರೆ ಫ್ಲೋಟ್ ಮೋಟಾರ್ ನಿಲ್ಲಿಸುತ್ತೆ, ಇನ್ನು ಪಂಪ್ ನೀರಿಲ್ಲದೆ ಓಡುವ ಡ್ರೈ ರನ್ ಭಯ ಇಲ್ಲ ಅಂದುಕೊಂಡಿದ್ದೆ. ಅದು ತಪ್ಪು. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಮೋಟಾರ್ ಮುಕ್ಕಾಲು ಗಂಟೆಯಿಂದ ಓಡುತ್ತಲೇ ಇತ್ತು. ಟ್ಯಾಂಕಿಗೆ ನೀರು ಬೀಳುವ ಸದ್ದಿಲ್ಲ. ಪಂಪ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಸಂಪು ಮಾತ್ರ ತುಂಬಿತ್ತು! ಸಕ್ಷನ್ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿ, ರಾತ್ರಿಯಿಡೀ ಪೈಪಿನ ನೀರು ಸಂಪಿಗೇ ಇಳಿದುಹೋಗಿತ್ತು. ಪಂಪಿನಲ್ಲಿ ಬರೀ ಗಾಳಿ. ಪಂಪಿನ ಶಾಫ್ಟ್ ಬಳಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸುಟ್ಟುಹೋಯಿತು.

"ಫ್ಲೋಟ್‌ಗೆ ಸಂಪು ಮಾತ್ರ ಗೊತ್ತು ಸಾರ್. ಪಂಪಿನೊಳಗೆ ನೀರಿದೆಯೋ ಇಲ್ವೋ ಅನ್ನೋದನ್ನ ಕರೆಂಟೇ ಹೇಳಬೇಕು" ಅಂದರು ಎಲೆಕ್ಟ್ರಿಷಿಯನ್. ನೀರು ಎತ್ತದ ಪಂಪಿಗೆ ಹೊರೆ ಕಡಿಮೆ, ಹಾಗಾಗಿ ಆಂಪಿಯರ್ ಕೂಡ ಕಡಿಮೆ. ಅದನ್ನು ನೋಡಿ ಕಟ್ ಮಾಡುವ ಡ್ರೈ ರನ್ ಯೂನಿಟ್ ಸೇರಿಸಿದೆವು.

ಇದರಲ್ಲಿ ಸೆಟ್ಟಿಂಗ್‌ಗೇ ತಾಳ್ಮೆ ಬೇಕು. ಕ್ಲಾಂಪ್ ಮೀಟರ್ ಹಿಡಿದು ನೋಡಿದಾಗ ನೀರು ಏರುವಾಗ 5.6 ಆಂಪಿಯರ್ ಇತ್ತು. ನೀರು ಏರದಂತೆ ಡೆಲಿವರಿಯ ಗೇಟ್ ವಾಲ್ವ್ ಕೆಲವೇ ಸೆಕೆಂಡ್ ಮುಚ್ಚಿದಾಗ 4.1ಕ್ಕೆ ಇಳಿಯಿತು. ಪೂರ್ತಿ ಒಣಗಿದ್ದರೆ ಇನ್ನೂ ಕಡಿಮೆ ಇರುತ್ತೆ. ಕಟ್ ಆಗುವ ಮಿತಿಯನ್ನು ನಡುವೆ 4.6ಕ್ಕೆ ಇಟ್ಟೆವು. ಆದರೆ ರಾತ್ರಿ ವೋಲ್ಟೇಜ್ ಜಾಸ್ತಿಯಾದಾಗ ಹೊರೆ ಇಲ್ಲದ ಸಿಂಗಲ್ ಫೇಸ್ ಮೋಟಾರ್ ಕೂಡ ಹೆಚ್ಚು ಕರೆಂಟ್ ಎಳೆಯುತ್ತೆ. ವಾಲ್ವ್ ಮುಚ್ಚಿ ಮತ್ತೆ ನೋಡಿದರೆ 4.5! ಹಾಗಾಗಿ 4.8ಕ್ಕೆ ಏರಿಸಿದೆವು. ನೀವೂ ಹಗಲು ಒಮ್ಮೆ, ರಾತ್ರಿ ಒಮ್ಮೆ ಅಳೆದು ನೋಡಿ. ನಿಮ್ಮ ಮೋಟಾರಿನ ಅಂಕಿ ಬೇರೆಯೇ ಇರುತ್ತೆ.

ಮೋಟಾರ್ ಶುರುವಾಗಿ ನೀರು ಹಿಡಿಯಲು ಸಮಯ ಬೇಕು ಅಂತ 20 ಸೆಕೆಂಡ್ ಬಿಟ್ಟು ಚೆಕ್ ಮಾಡುವಂತೆ ಇಟ್ಟಿದ್ದೇವೆ. ಕಟ್ ಆದ ಮೇಲೆ ತಾನಾಗಿಯೇ ಮತ್ತೆ ಆನ್ ಆಗುವುದನ್ನು ನಿಲ್ಲಿಸಿದ್ದೇನೆ. ಬೋರ್‌ವೆಲ್ ಆದರೆ ಸ್ವಲ್ಪ ಹೊತ್ತಿಗೆ ನೀರು ಊರುತ್ತೆ, ಆಗ ಅದು ಸರಿ. ಸೋರುವ ಫುಟ್‌ವಾಲ್ವ್ ಕಾದರೆ ಸರಿಹೋಗುತ್ತಾ? ಪ್ರತಿ ಸಲ ಸೀಲ್ ಒಣಗಿಯೇ ತಿರುಗುತ್ತೆ.

ಕಳೆದ ತಿಂಗಳು ಯೂನಿಟ್ ಒಮ್ಮೆ ಕಟ್ ಮಾಡಿತು. ಪಂಪ್ ಇನ್ನೂ ತಣ್ಣಗೇ ಇತ್ತು. ಫುಟ್‌ವಾಲ್ವ್ ಎತ್ತಿ ನೋಡಿದರೆ ಒಳಗೆ ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ತೆಗೆದು, ಪಂಪಿಗೆ ನೀರು ತುಂಬಿಸಿ ಆನ್ ಮಾಡಿದೆ.